ಯಾವ ಶನಿವಾರದ ಬೆಳಗಿನ ಜಾವ?

ಈ ವಾರ ಬಂದ ಮದುವೆಯ ಕರೆಯೋಲೆಯಲ್ಲಿ ‘ತಾ. 15ನೇ ಶನಿವಾರ ಬೆಳಗಿನ ಜಾವ 4-30ಕ್ಕೆ ಮುಹೂರ್ತ’ ಎಂದಿತ್ತು. ಶುಕ್ರವಾರ ರಾತ್ರಿಯ ಬಸ್ಸಿಗೆ ಸೀಟು ಕಾದಿರಿಸುವ ಮುನ್ನ ಫೋನ್ ಮಾಡಿದ್ದು ಒಳ್ಳೆಯದಾಯಿತು. ‘ಶನಿವಾರ ಸಂಜೆ ವರಪೂಜೆ, ಅದಕ್ಕೇ ಬಂದುಬಿಡಿ’ ಎಂದರು ಹುಡುಗಿಯ ಸೋದರಮಾವ. ಅಂದರೆ ಧಾರೆ 16ರ ಭಾನುವಾರ! ಪುರೋಹಿತರು ಬರೆದುಕೊಟ್ಟದ್ದು ತಪ್ಪಲ್ಲ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯದವರೆಗೆ; ಹೊತ್ತು ಮೂಡುವ ತನಕ ಅವರಿಗೆ ಅದು ಶನಿವಾರವೇ. ನಮ್ಮ ಗೋಡೆಯ ಕ್ಯಾಲೆಂಡರು ಮಾತ್ರ ನಡುರಾತ್ರಿಗೇ ತಾರೀಖು ಬದಲಿಸುತ್ತದೆ. ರೈಲಿನ ಟಿಕೆಟ್ಟಿನಲ್ಲೂ ಇದೇ ತೊಡಕು: 16ನೇ ತಾರೀಖು 00:15 ಎಂದಿದ್ದರೆ 15ರ ರಾತ್ರಿಯೇ ನಿಲ್ದಾಣದಲ್ಲಿರಬೇಕು, ಮರುರಾತ್ರಿ ಹೋದವರಿಗೆ ರೈಲು ಸಿಗದು. ಆದರೆ ರೈಲ್ವೆಯವರು ಒಂದೇ ಲೆಕ್ಕ ಹಿಡಿಯುತ್ತಾರೆ. ಕರೆಯೋಲೆಯಲ್ಲಿ ಪಂಚಾಂಗದ ವಾರಕ್ಕೆ ಗಡಿಯಾರದ ಗಂಟೆ ಅಂಟಿಕೊಂಡಿರುತ್ತದೆ. ಇದಕ್ಕೆ ಹಳಬರ ಮಾತೇ ಮದ್ದು: ‘15ನೇ ಶನಿವಾರ ರಾತ್ರಿ ಕಳೆದು, 16ನೇ ಭಾನುವಾರ ಬೆಳಗಿನ ಜಾವ 4-30ಕ್ಕೆ’. ಎರಡೂ ತಾರೀಖು, ಎರಡೂ ವಾರ ಕಣ್ಣಿಗೆ ಬಿದ್ದರೆ ಯಾರೂ ತಪ್ಪಿ ಓದಲಾರರು. ಅಚ್ಚಿಗೆ ಕೊಡುವ ಮುನ್ನ ಕರಡನ್ನು ಪರ ಊರಿನ ಒಬ್ಬರಿಗೆ ಓದಿಸಿ, ‘ಯಾವ ರಾತ್ರಿ ಹೊರಡುತ್ತೀರಿ?’ ಎಂದು ದಯವಿಟ್ಟು ಕೇಳಿ.