ಹತ್ತು ಗುಳಿಗಿ ಕಡಿಮಿ ಬಿದ್ದ ರಾತ್ರಿ

ಮಸ್ಕಿಯ ನಮ್ಮ ಸಣ್ಣ ಮೆಡಿಕಲ್ ಅಂಗಡ್ಯಾಗ ನಾನು ಫಾರ್ಮಾಸಿಸ್ಟು. ಖರೀದಿ, ರೊಕ್ಕದ ಲೆಕ್ಕ ನಮ್ಮ ಮನಿಯವ್ರದು. ರಜಿಸ್ಟರ್ ವಿಷಯಕ್ಕ ಮಾತ್ರ ಇಬ್ಬರಿಗೂ ದಿನಾ ಜಗಳ. "ಕಾಯ್ದೆ ಕೇಳಿದಷ್ಟು ಬರಿ, ಸಾಕು" ಅಂತಾರ ಅವ್ರು. ಅಷ್ಟು ಸಾಲಂಗಿಲ್ಲ ಅಂತೀನಿ ನಾನು.

ನಿದ್ದಿ, ಗಾಬರಿಗೆ ಕೊಡೋ ಆಲ್ಪ್ರಜೋಲಾಮ್, ಟಿಬಿ ಔಷಧ, ಕೆಲವು ಜೋರಿನ ಆಂಟಿಬಯೋಟಿಕ್ ಇವೆಲ್ಲಾ ಶೆಡ್ಯೂಲ್ ಎಚ್1 ಒಳಗ ಬರ್ತಾವ. 2014ರ ಮಾರ್ಚ್ 1ರಿಂದ ಇವಕ್ಕ ಬ್ಯಾರೇನೇ ರಜಿಸ್ಟರ್ ಇಡಬೇಕು. ಕೊಟ್ಟ ಹೊತ್ತಿಗೇ ಡಾಕ್ಟರ ಹೆಸರು-ವಿಳಾಸ, ಪೇಷಂಟ್ ಹೆಸರು, ಔಷಧದ ಹೆಸರು, ಎಷ್ಟು ಕೊಟ್ಟಿವಿ ಅಂತ ಬರೀಬೇಕು. ಮೂರು ವರ್ಷ ಕಾಯ್ದಿಡಬೇಕು. ಇವುಗಳ ಮುಂದ ನಾನು ಎರಡು ಖಾನಿ ಎಳದೀನಿ: ಬ್ಯಾಚ್ ನಂಬರು, ಉಳಿದದ್ದು.

ಯಾಕಂತ ಹೇಳ್ತೀನಿ ಕೇಳ್ರಿ. ಒಂದಿನ ಮುಂಜಾನೆ ಆಲ್ಪ್ರಜೋಲಾಮ್ 64 ಗುಳಿಗಿ ಇದ್ವು. ಮೂರು ಚೀಟಿಗೆ 10, 10, 5 ಹೋದ್ವು. 39 ಉಳೀಬೇಕು. ರಾತ್ರಿ ಎಣಿಸಿದ್ರ 29! "ಬರಿಯೋದು ಮರ್ತಿರಬೇಕು ಬಿಡು" ಅಂದ್ರು ಮನಿಯವ್ರು. ನನಗ ಸಮಾಧಾನ ಆಗಲಿಲ್ಲ. ಪಕ್ಕದ ಡಬ್ಬಿಯ ಬಿಪಿ ಗುಳಿಗಿ ಅಮ್ಲೋಡಿಪಿನ್ ಎಣಿಸಿದೆ. ಅಲ್ಲಿ ಬರೋಬ್ಬರಿ ಹತ್ತು ಹೆಚ್ಚಿಗಿ. ಎದಿ ಧಸಕ್ಕಂತು. ಬಿಪಿ ಗುಳಿಗಿ ಬದ್ಲಿ ಯಾರಿಗೋ ನಿದ್ದಿ ಗುಳಿಗಿ ಹೋಗೇತಿ.

ಅವತ್ತು ಅಮ್ಲೋಡಿಪಿನ್ ಬಿಲ್ ಮೂರು ಇದ್ವು. ಮೂವರಿಗೂ ಫೋನ್ ಹಚ್ಚಿ, "ಬಿಲ್ಲಿನ್ಯಾಗಿನ ಬ್ಯಾಚ್ ನಂಬರು, ಸ್ಟ್ರಿಪ್ಪಿನ ಹಿಂದಿಂದು ಒಂದೇ ಅದಾವೇನು ನೋಡ್ರಿ" ಅಂದೆ. ಇಬ್ಬರದು ಕೂಡಿತು. ಮೂರನೇದು ಒಬ್ಬ ಆಯಿದು. ಮೊಮ್ಮಗ ಓದಿ ಹೇಳಿದ ನಂಬರು ಆಲ್ಪ್ರಜೋಲಾಮಿಂದು. ಹಳೇ ಗುಳಿಗಿ ನಾಕು ಉಳಿದಿದ್ವಂತ, ಹೊಸಾದು ಇನ್ನೂ ಒಡದಿದ್ದಿಲ್ಲ. ಒಡದಿದ್ರ ಬಿಪಿ ಏರ್ತಿತ್ತು, ಮ್ಯಾಲ ಆ ಮಂಪರಿನ್ಯಾಗ ರಾತ್ರಿ ಎದ್ದು ಬಿದ್ದಿದ್ರ ಏನು ಗತಿ? ಮನಿಯವ್ರು ಆವಾಗೇ ಗಾಡಿ ತಗೊಂಡು ಹೋಗಿ ಬದಲಿ ಮಾಡಿ ಬಂದ್ರು. ಎರಡೂ ಸ್ಟ್ರಿಪ್ಪು ಒಂದೇ ನಮೂನಿ ಬೆಳ್ಳಿ ಬಣ್ಣದವು. ಗಡಿಬಿಡ್ಯಾಗ ಕೊಟ್ಟಕಿ ನಾನೇ.

ಬರೇ ಎಷ್ಟು ಕೊಟ್ಟಿವಿ ಅಂತ ಬರದಿದ್ರ ಈ ತಪ್ಪು ಕಾಣತಿದ್ದಿಲ್ಲ, ಯಾಕಂದ್ರ ಆಯಿಗೆ ಕೊಟ್ಟಿದ್ದು ಆ ರಜಿಸ್ಟರಿಗೇ ಬಂದಿಲ್ಲ. ಉಳಿದದ್ದರ ಖಾನಿ ತಪ್ಪು ತೋರಿಸ್ತು, ಬ್ಯಾಚ್ ನಂಬರು ಮನಿ ತೋರಿಸ್ತು.

ಅದಕ್ಕ ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್, ಎಕ್ಸ್‌ಪೈರಿ ಇರೋ ತುದಿ ಕಡೀಗೆ ಉಳೀಬೇಕು ಅನ್ನೋದು ನನ್ನ ಇನ್ನೊಂದು ಹಟ. ಆ ತುದಿ ಮೊದಲೇ ಹೋದ್ರ ಉಳಿದ ಗುಳಿಗಿ ಯಾವ ಬ್ಯಾಚಿಂದು, ಯಾವ ತಿಂಗಳ ತನಕ ನಡಿತೈತಿ ಅಂತ ಯಾರು ಹೇಳಬೇಕು? ಹಂಗಾದ ತುಂಡು ನಾನು ಮಾರಂಗಿಲ್ಲ, ಎಕ್ಸ್‌ಪೈರಿ ಡಬ್ಬಿಗೆ ಹಾಕ್ತೀನಿ.

ಮನಿಯವ್ರು ಈಗೂ ಗೊಣಗ್ತಾರ. ಆದ್ರ ರಾತ್ರಿ ಶಟರ್ ಎಳಿಯೋಕಿಂತ ಮೊದಲ ಆ ಡಬ್ಬಿ ಎಣಿಸೋರು ಈಗ ಅವ್ರೇ.