ಸ್ಲಾಟ್ ಕೈಗೆ ಸಿಗೋ ತನಕ ಟೊಮೆಟೊ ಕೀಳಬೇಡಿ

"ಬೆಳಗ್ಗೆ ತಗೊಂಡ್ ಬನ್ನಿ ಸರ್, ಇಳಿಸ್ಕೊಳ್ತೀವಿ." ಗೋದಾಮಿಗೆ ನೇರವಾಗಿ ಟೊಮೆಟೊ ಕೊಡೋ ನಮ್ಮಂಥವರಿಗೆ ಖರೀದಿ ಕಡೆಯವರು ಫೋನಲ್ಲಿ ಹೇಳೋದು ಇಷ್ಟೇ. ಈ ಒಂದು ಮಾತು ನಂಬ್ಕೊಂಡು ನಾವು ಹಿಂದಿನ ದಿನ ಆಳು ಹಚ್ಚಿ ಕೀಳಿಸಿ, ನಡುರಾತ್ರಿ ಗಾಡಿ ತುಂಬಿ ಹೊರಟುಬಿಡ್ತೀವಿ. ಮಂಡಿಗಾದ್ರೆ ಇದು ನಡೆಯುತ್ತೆ. ಹರಾಜಿಗೆ ಮುಂಚೆ ಯಾವಾಗ ಹೋದ್ರೂ ಅಲ್ಲಿ ಹಮಾಲರು ಇರ್ತಾರೆ, ಕೆಳಗಿಳಿಸೋಕೆ ಜಾಗ ಇರುತ್ತೆ. ಗೋದಾಮಲ್ಲಿ ಹಾಗಲ್ಲ. ಅಲ್ಲಿರೋ ಬಾಗಿಲೇ ನಾಲ್ಕೋ ಆರೋ, ಒಂದೊಂದು ಬಾಗಿಲಿಗೂ ಯಾವ ಹೊತ್ತಿಗೆ ಯಾವ ಗಾಡಿ ಅಂತ ಮೊದಲೇ ಬರೆದಿಟ್ಟಿರ್ತಾರೆ. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇಲ್ಲ ಅಂದ್ರೆ ಗೇಟ್ ಹತ್ರ ನೀವು ಬರೀ ಒಂದು ಗಾಡಿ, ಅಷ್ಟೇ.

ನನಗೆ ಇದು ಅರ್ಥ ಆಗಿದ್ದು ಹೋದ ಬೇಸಿಗೆಯಲ್ಲಿ. ಹೊಸಕೋಟೆ ಕಡೆಯ ಒಂದು ಗೋದಾಮಿಗೆ 60 ಕ್ರೇಟ್ ತಗೊಂಡು ಹೋಗಿದ್ದೆ. ಕ್ರೇಟಿಗೆ 22 ಕೆಜಿ ಹಣ್ಣು. ಬೊಲೆರೊ ಪಿಕಪ್ಪಲ್ಲಿ ಒಂದು ಸಾಲಿಗೆ 15ರಂತೆ ನಾಲ್ಕು ಸಾಲು ಒಂದರ ಮೇಲೊಂದು ಕೂತಿತ್ತು. ಆರೂವರೆಗೆ ಗೇಟ್ ಮುಟ್ಟಿದ್ವಿ. ಸೆಕ್ಯುರಿಟಿಯವರು ಪಟ್ಟಿ ನೋಡಿ, "ಈ ನಂಬರ್ ಇಲ್ಲ" ಅಂದ್ರು. ನಾನು ಹಿಂದಿನ ವಾರ ಬಂದಿದ್ದ ಗಾಡಿ ನಂಬರೇ ಅವರ ಹತ್ರ ಇತ್ತು. ಆ ಗಾಡಿ ರಿಪೇರಿಗೆ ನಿಂತಿದ್ದಕ್ಕೆ ಡ್ರೈವರ್ ತನ್ನ ಭಾವನ ಗಾಡಿ ತಂದಿದ್ದ. ಖರೀದಿಯವರಿಗೆ ಫೋನ್ ಮಾಡಿದ್ರೆ ಅವರು ಎದ್ದಿರಲಿಲ್ಲ. ಒಳಗೆ ಬಿಟ್ಟಾಗ ಒಂಬತ್ತು, ಬಾಗಿಲು ಸಿಕ್ಕಾಗ ಹನ್ನೊಂದು.

ಸಿಕ್ಕಿದ ಬಾಗಿಲು ಲಾರಿಗೆ ಅಂತ ಕಟ್ಟಿದ್ದು. ಕಟ್ಟೆ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ. ಐಶರ್ ಥರದ ಗಾಡಿ ಹಿಂದಕ್ಕೆ ಹಾಕಿದ್ರೆ ಅದರ ತಳ ಹೆಚ್ಚುಕಮ್ಮಿ ಕಟ್ಟೆ ಸಮಕ್ಕೆ ಬರುತ್ತೆ, ನಡುವೆ ಕಬ್ಬಿಣದ ತಟ್ಟೆ ಹಾಕಿ ಕೈಟ್ರಾಲಿ ಒಳಗೇ ತಳ್ಕೊಂಡು ಹೋಗ್ತಾರೆ. ಪಿಕಪ್ಪಿನ ತಳ ಒಂದಡಿಗೂ ಹೆಚ್ಚು ಕೆಳಗೆ ಉಳಿಯುತ್ತೆ, ತಟ್ಟೆ ಕೂರಲ್ಲ, ಟ್ರಾಲಿ ಬರಲ್ಲ. ಮೇಲಿನ ಎರಡು ಸಾಲು ಹೇಗೋ ಸರಾಗವಾಗಿ ಹೋಯ್ತು. ಕೆಳಗಿನ ಸಾಲುಗಳಿಗೆ ಬಂದಾಗ ಒಬ್ಬ ಗಾಡಿಯೊಳಗೆ ಬಗ್ಗಿ ಎತ್ತಿ ಕೊಡಬೇಕು, ಇನ್ನೊಬ್ಬ ಕಟ್ಟೆ ಮೇಲೆ ಕೂತು ಎಳ್ಕೊಬೇಕು. ಇಳಿಸೋರು ಯಾರು ಅಂತ ಕೇಳಿದ್ರೆ, "ಅದು ಸಪ್ಲೈಯರ್ ಕೆಲಸ" ಅಂದ್ರು. ಹಾಗಾಗಿ ನಾನು, ಡ್ರೈವರ್ ಇಬ್ಬರೇ. ತೂಕ, ಗುಣಮಟ್ಟ ನೋಡೋದು ಎಲ್ಲಾ ಮುಗಿಯೋ ಹೊತ್ತಿಗೆ ಒಂದೂವರೆ. ಬಿಸಿಲಿಗೆ ಟಾರ್ಪಲಿನ ಕೆಳಗೆ ಬೆಂದಿದ್ದ 7 ಕ್ರೇಟ್ ವಾಪಸ್. ಲೆಕ್ಕ ಹಾಕಿ, 154 ಕೆಜಿ. ಡ್ರೈವರಿಗೆ ಆವತ್ತಿನ ಎರಡನೇ ಬಾಡಿಗೆ ತಪ್ಪಿದ್ದಕ್ಕೆ ಹಾಲ್ಟಿಂಗ್ ಬೇರೆ ಕೊಟ್ಟೆ.

ಮನೆಗೆ ಬಂದು ಎರಡು ದಿನ ಗೋದಾಮಿನವರನ್ನ ಬೈದೆ. ಆಮೇಲೆ ಯೋಚನೆ ಮಾಡಿದ್ರೆ, ಅವರಿಗೆ ನಾನು ಹೇಳಿದ್ದಾದ್ರೂ ಏನು? "ನಾಳೆ ಬರ್ತೀನಿ ಸರ್" ಅಂತ. ಯಾವ ಗಾಡಿ, ಎಷ್ಟು ಎತ್ತರ, ಜೊತೆಗೆ ಆಳು ಇದ್ದಾರಾ, ಒಂದನ್ನೂ ಹೇಳಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ನಾನು ಮಾತಾಡಿದ್ದು ಆರ್ಡರ್ ಕೊಡೋರ ಹತ್ರ. ಬಾಗಿಲು ಕೊಡೋರು ಬೇರೆ. ಖರೀದಿಯವರು ಬೆಂಗಳೂರಿನ ಆಫೀಸಲ್ಲಿ ಕೂತಿರ್ತಾರೆ, ಕಟ್ಟೆ ನೋಡ್ಕೊಳ್ಳೋ ಸೂಪರ್‌ವೈಸರ್ ಗೋದಾಮಲ್ಲಿ ಇರ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುತ್ತೆ ಅಂದ್ಕೊಳ್ಳೋದು ನಮ್ಮ ಭ್ರಮೆ.

ಈಗ ಹೀಗೆ ಮಾಡ್ತೀನಿ. ಕೊಯ್ಲಿಗೆ ಎರಡು ದಿನ ಮುಂಚೆ ವಾಟ್ಸಾಪಲ್ಲಿ ಇಬ್ಬರಿಗೂ ಒಂದೇ ಮೆಸೇಜ್. ಮೊನ್ನೆ ಕಳಿಸಿದ್ದನ್ನೇ ಕೊಡ್ತೀನಿ, ಬೇಕಾದವರು ಬದಲಾಯಿಸ್ಕೊಳ್ಳಿ:

"ನಮಸ್ಕಾರ ಸರ್. ಪಿಓ ನಂಬರ್ (ಇಲ್ಲಿ ಹಾಕಿ). ಗುರುವಾರ ಟೊಮೆಟೊ 60 ಕ್ರೇಟ್, ಸುಮಾರು 1,320 ಕೆಜಿ ಕಳಿಸ್ತೀವಿ. ಇಳಿಸೋಕೆ ಬೆಳಗ್ಗೆ 7ರಿಂದ 8 ಅಥವಾ 10ರಿಂದ 11, ಯಾವ ಹೊತ್ತು ಕೊಡ್ತೀರಿ ತಿಳಿಸಿ. ಗಾಡಿ ಬೊಲೆರೊ ಪಿಕಪ್, ಓಪನ್ ಬಾಡಿ, ನಂಬರ್ ಮತ್ತು ಡ್ರೈವರ್ ಮೊಬೈಲ್ ಕೆಳಗಿದೆ. ಗಾಡಿ ತಳ ಕಟ್ಟೆಗಿಂತ ಕೆಳಗೆ ಬರುತ್ತೆ, ಹಾಗಾಗಿ ನೆಲಮಟ್ಟದ ಬಾಗಿಲು ಅಥವಾ ರ್‍ಯಾಂಪ್ ಬೇಕು. ಮಾಲು ಪ್ಯಾಲೆಟ್ ಮೇಲೆ ಇಲ್ಲ, ಬಿಡಿ ಕ್ರೇಟ್. ನಮ್ಮ ಕಡೆಯಿಂದ ಒಬ್ಬರು ಬರ್ತಾರೆ, ನಿಮ್ಮ ಕಡೆಯಿಂದ ಇಬ್ಬರು ಬೇಕು. ಇಲ್ಲ ಅಂದ್ರೆ ಈಗಲೇ ಹೇಳಿ, ಆಳು ಕರ್ಕೊಂಡ್ ಬರ್ತೀವಿ. 60 ಖಾಲಿ ಕ್ರೇಟ್ ಅದೇ ಗಾಡಿಗೆ ವಾಪಸ್ ಬೇಕು. ನಾಳೆ ಮಧ್ಯಾಹ್ನ 2ರೊಳಗೆ ಹೊತ್ತು ತಿಳಿಸಿದ್ರೆ ಕೊಯ್ಲು ಹಾಕ್ತೀವಿ."

ಇದರಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು. ಮೊದಲನೇದು, "ಯಾವಾಗ ಬರ್ಲಿ" ಅಂತ ಕೇಳಲ್ಲ, ಎರಡು ಹೊತ್ತು ಇಟ್ಟು ಆರಿಸೋಕೆ ಹೇಳ್ತೀನಿ. ಸುಮ್ನೆ ಯಾವಾಗ ಅಂದ್ರೆ ಉತ್ತರ "ಬೆಳಗ್ಗೆ" ಅಂತಲೇ ಬರೋದು. ಒಂದು ಗಂಟೆಯ ಅವಧಿ ಕೇಳೋದೂ ಬೇಕು ಅಂತಲೇ. ಸರಿಯಾಗಿ ಏಳಕ್ಕೆ ಅಂತ ಒಪ್ಕೊಂಡು ದಾರೀಲಿ ಟೈರ್ ಪಂಕ್ಚರ್ ಆದ್ರೆ ನಮ್ಮ ಸರದಿ ಹೋಯ್ತು. ಎರಡನೇದು ಆ ಕೊನೇ ವಾಕ್ಯ. ಅದನ್ನ ಬರೆಯೋಕೆ ಎಲ್ಲರಿಗೂ ಅಳುಕು. ನಮ್ಮೂರಲ್ಲೇ ಒಬ್ಬರು ಹಿರಿಯರು ಇದನ್ನ ಓದಿ, "ಗಿರಾಕಿಗೇ ಷರತ್ತು ಹಾಕ್ತೀಯೇನಪ್ಪಾ, ಮುಂದಿನ ಸಲ ಬೇರೆಯವರಿಗೆ ಆರ್ಡರ್ ಕೊಡ್ತಾರೆ" ಅಂದ್ರು. ಅವರ ಭಯ ಸುಳ್ಳಲ್ಲ, ಸಣ್ಣ ಬೆಳೆಗಾರನ ಜಾಗಕ್ಕೆ ಬರೋಕೆ ಹತ್ತು ಜನ ಇದ್ದಾರೆ. ಆದ್ರೆ ನಾನು ಒಪ್ಪಲ್ಲ. ಗಿಡದ ಮೇಲಿರೋ ತನಕ ಹಣ್ಣು ನಮ್ಮ ಕೈಲಿರುತ್ತೆ, ಕಿತ್ತು ಗಾಡಿಗೆ ಹಾಕಿದ ಮೇಲೆ ಗೇಟ್ ಕಾಯೋನ ಕೈಲಿ. ಇನ್ನು ಕಟ್ಟೆ ಸೂಪರ್‌ವೈಸರಂತೂ ಈ ಮೆಸೇಜಿಗೆ ಬೇಜಾರೇ ಮಾಡ್ಕೊಳ್ಳಲಿಲ್ಲ. ಮೊದಲ ಸಲ ಕಳಿಸಿದಾಗ ಅರ್ಧ ಗಂಟೇಲಿ ಉತ್ತರ ಬಂತು: "10ರಿಂದ 11, ಹಿಂದಿನ ಗೇಟ್, ನೆಲಮಟ್ಟ ಇದೆ." ಆ ಹಿಂದಿನ ಗೇಟ್ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ!

ಹತ್ತು ಗಂಟೆ ಅಂದ ಮೇಲೆ ನನ್ನ ಕೆಲಸದ ಹೊತ್ತೂ ಬದಲಾಯ್ತು. ನಮ್ಮೂರಿಂದ ಒಂದೂವರೆ ಗಂಟೆ ದಾರಿ. ಹಿಂದಿನ ಸಂಜೆ ಕಿತ್ತು ರಾತ್ರಿಯೆಲ್ಲಾ ಶೆಡ್ಡಲ್ಲಿ ಗಾಳಿಯಾಡೋ ಹಾಗೆ ಇಟ್ಟು, ಬೆಳಗ್ಗೆ ಏಳಕ್ಕೆ ತುಂಬಿ, ಎಂಟಕ್ಕೆ ಹೊರಟ್ವಿ. ನಡುರಾತ್ರಿ ಲೋಡಿಂಗ್ ತಪ್ಪಿತು. ಹತ್ತೂಕಾಲಿಗೆ ಬಾಗಿಲು, ಹನ್ನೊಂದೂಕಾಲಿಗೆ ರಸೀದಿ. ವಾಪಸ್ ಬಂದಿದ್ದು ಎರಡು ಕ್ರೇಟ್, ಅದೂ ನಮ್ಮ ಆಳುಗಳು ಸೀಳಿದ ಹಣ್ಣು ಬೆರೆಸಿದ್ದಕ್ಕೆ.

ಇದು ಎಲ್ಲಾ ಹಣ್ಣಿಗೂ ನಡೆಯಲ್ಲ. ಬಣ್ಣ ತಿರುಗೋ ಹಂತದಲ್ಲಿ ಇದ್ರೆ ಒಂದು ದಿನ ಗಿಡದಲ್ಲೇ ಬಿಡಬಹುದು, ಪೂರ್ತಿ ಕೆಂಪಾಗಿದ್ರೆ ಕಾಯೋ ಮಾತೇ ಇಲ್ಲ. ಅದಕ್ಕೇ ಹಣ್ಣು ಇನ್ನೂ ತಿರುಗೋಕೆ ಶುರು ಆಗಿರುವಾಗಲೇ ಮೆಸೇಜ್ ಹೋಗಬೇಕು. ಎರಡು ಗಂಟೆಯೊಳಗೆ ಉತ್ತರ ಬರದಿದ್ರೆ ಒಂದು ಸಲ ಫೋನ್ ಮಾಡ್ತೀನಿ. ಅದಕ್ಕೂ ಇಲ್ಲ ಅಂದ್ರೆ ಮಾಲು ಮಂಡಿಗೆ ಹೋಗುತ್ತೆ, ರೇಟು ಕಮ್ಮಿ ಆದ್ರೂ ಸರಿ. ಈವರೆಗೆ ಹಾಗೆ ಒಂದು ಸಲ ಮಾಡಿದ್ದೀನಿ, ಆರ್ಡರ್ ಏನೂ ನಿಂತಿಲ್ಲ.

ಗಾಡಿ ಬದಲಾದ್ರೆ ಹೊರಡೋ ಮುಂಚೆ ಹೊಸ ನಂಬರ್ ಕಳಿಸಿ, ಗೇಟ್ ಪಟ್ಟಿಯಲ್ಲಿ ತಿದ್ದಿದ್ದೀವಿ ಅಂತ ಉತ್ತರ ಬಂದ ಮೇಲೆನೇ ಚಾವಿ ತಿರುಗಿಸೋದು. ಡ್ರೈವರಿಗೆ ಇದು ಕಿರಿಕಿರಿ, ಇರಲಿ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಕೊಟ್ಟ ಹೊತ್ತಿಗೆ ನಾವು ಬಂದು, ಅವರ ಕಡೆಯಿಂದ ಎರಡು ಗಂಟೆ ಮೀರಿ ನಿಲ್ಲಿಸಿದ್ರೆ ಹಾಲ್ಟಿಂಗ್ ಅವರೇ ಕೊಡಬೇಕು ಅಂತ ಹೋದ ತಿಂಗಳು ಮೆಸೇಜಿಗೆ ಒಂದು ಸಾಲು ಸೇರಿಸಿದೆ. ಹೊತ್ತು ಕೊಟ್ರು, ಬಾಗಿಲು ಕೊಟ್ರು, ಆಳೂ ಕೊಟ್ರು. ಆ ಸಾಲಿಗೆ ಮಾತ್ರ ಉತ್ತರ ಬಂದಿಲ್ಲ. ಪ್ರತಿ ಸಲ ಸೇರಿಸ್ತಾನೇ ಇದ್ದೀನಿ. ನಿಮ್ಮಲ್ಲಿ ಯಾರಿಗಾದ್ರೂ ಇದನ್ನ ಬರಹದಲ್ಲಿ ಒಪ್ಪಿಸೋಕೆ ಆಗಿದ್ರೆ, ಯಾವ ಮಾತಲ್ಲಿ ಬರೆದ್ರಿ ಅಂತ ಕಾಮೆಂಟಲ್ಲಿ ಹಾಕಿ.