ಹನ್ನೊಂದನೆಯ ಹಸುವೂ ಗೋಮಾಳದ ಬೇಲಿಯೂ

ಗೋಮಾಳಗಳು ಯಾರೊಬ್ಬರ ಸ್ವತ್ತೂ ಅಲ್ಲದ ಕಾರಣಕ್ಕೇ ಬೋಳಾದವು, ಆದ್ದರಿಂದ ಅವನ್ನು ಯಾರಿಗಾದರೂ ವಹಿಸಿಕೊಡುವುದೇ ಮೇಲು ಎಂಬ ವಾದ ಮಲೆನಾಡಿಗೆ ಹೊಸದಲ್ಲ. ನೆಡುತೋಪು ಬೆಳೆಸಬಯಸುವವರು ಅದನ್ನು ಹೇಳುತ್ತಾರೆ, ತೋಟ ವಿಸ್ತರಿಸಬಯಸುವವರೂ ಹೇಳುತ್ತಾರೆ. ಓದಿದವರು ಅದಕ್ಕೊಂದು ಶಾಸ್ತ್ರೀಯ ಹೆಸರನ್ನು ಅಂಟಿಸುತ್ತಾರೆ: 'ಸಾಮುದಾಯಿಕ ಸ್ವತ್ತಿನ ದುರಂತ'. ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆ ಅದು. ಓದದೆಯೇ ಉದ್ಧರಿಸಲ್ಪಡುವ ಲೇಖನಗಳ ಸಾಲಿನಲ್ಲಿ ಅದಕ್ಕೆ ಮೇಲಿನ ಸ್ಥಾನವೇ ಸಲ್ಲಬೇಕು.

ಹಾರ್ಡಿನ್ ಹೇಳಿದ್ದನ್ನು ಹಳ್ಳಿಯ ಲೆಕ್ಕದಲ್ಲಿ ಹೀಗೆ ಇಡಬಹುದು. ಒಂದು ಗೋಮಾಳ, ಹತ್ತು ಮನೆ, ಮನೆಗೆ ಹತ್ತು ಹಸು. ಪ್ರತಿ ಹಸುವೂ ದಿನಕ್ಕೆ 2 ಲೀಟರ್ ಹಾಲು ಕೊಡುತ್ತದೆ ಎಂದುಕೊಂಡರೆ ಮನೆಗೆ 20 ಲೀಟರ್. ಅದಕ್ಕಿಂತ ಹೆಚ್ಚು ಹಸುಗಳಿಗೆ ಅಲ್ಲಿ ಹುಲ್ಲಿಲ್ಲ. ಒಂದೊಂದು ಹಸು ಹೆಚ್ಚಿದಂತೆಲ್ಲ ಪ್ರತಿ ಹಸುವಿನ ಹಾಲು 30 ಮಿಲಿಲೀಟರಿನಷ್ಟು ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಈಗ ಒಬ್ಬಾತ ಹನ್ನೊಂದನೆಯ ಹಸುವನ್ನು ಬಿಡುತ್ತಾನೆ. ಅವನಿಗೆ ಸಿಗುವ ಹಾಲು 21.67 ಲೀಟರ್, ಉಳಿದ ಒಂಬತ್ತು ಮನೆಗಳಿಗೆ ತಲಾ 19.7. ಊರಿನ ಒಟ್ಟು ಹಾಲು ಕಡಿಮೆಯಾಯಿತು, ಆದರೆ ಅವನ ಪಾಲು ಹೆಚ್ಚಿತು. ಇದನ್ನು ಕಂಡ ಉಳಿದವರೂ ಒಂದೊಂದು ಹಸು ಸೇರಿಸಿದರೆ ಹಸುಗಳು 110, ಹಸುವಿಗೆ ಹಾಲು 1.7 ಲೀಟರ್, ಮನೆಗೆ 18.7. ಹತ್ತೂ ಮನೆಯವರು ಹಸುವಿಗೆ ಹಣ ಹಾಕಿ, ಮೊದಲಿಗಿಂತ ಕಡಿಮೆ ಹಾಲು ಕರೆದರು. ಆದರೂ ಯಾರೊಬ್ಬನೂ ತಾನಾಗಿ ಒಂದು ಹಸುವನ್ನು ಹಿಂದಕ್ಕೆ ಕಟ್ಟಿಕೊಳ್ಳಲಾರ, ಏಕೆಂದರೆ ಹಾಗೆ ಮಾಡಿದವನ ಪಾಲು ಇನ್ನಷ್ಟು ಇಳಿಯುತ್ತದೆ.

ಈ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ಹತ್ತು ಮನೆಯವರ ಚಿತ್ರದಲ್ಲಿ. ಅವರು ಒಬ್ಬರೊಡನೊಬ್ಬರು ಮಾತಾಡುವುದಿಲ್ಲ, ಪಂಚಾಯ್ತಿ ಸೇರುವುದಿಲ್ಲ, ದಂಡ ಹಾಕುವುದಿಲ್ಲ. ಅಂತಹ ಊರು ಎಲ್ಲಿದೆ? ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿ ಟೋರ್ಬೆಲ್‌ನಲ್ಲಿ 1517ರಿಂದಲೂ ಒಂದು ಕಟ್ಟಳೆ ದಾಖಲೆಯಲ್ಲಿದೆ: ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ ಅದಕ್ಕಿಂತ ಹೆಚ್ಚು ಹಸುಗಳನ್ನು ಯಾವನೂ ಬೇಸಿಗೆಯ ಸಾಮುದಾಯಿಕ ಹುಲ್ಲುಗಾವಲಿಗೆ ಬಿಡತಕ್ಕದ್ದಲ್ಲ. ಕೊಟ್ಟಿಗೆಯ ಹಸುವಿಗೆ ಸ್ವಂತ ಹೊಲದ ಹುಲ್ಲು ಬೇಕು. ಆದ್ದರಿಂದ ಖಾಸಗಿ ಹೊಲವೇ ಸಾಮುದಾಯಿಕ ಮಾಳಕ್ಕೆ ಅಳತೆಗೋಲಾಯಿತು. ಹೆಚ್ಚುವರಿ ಹಸು ಬಿಟ್ಟವನಿಗೆ ದಂಡವಿತ್ತು. ಇಂತಹ ಕಟ್ಟಳೆಗಳನ್ನು ಹಲವು ದೇಶಗಳಿಂದ ಕಲೆಹಾಕಿ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ತಾನು ಚಿತ್ರಿಸಿದ್ದು ಕಟ್ಟಳೆಯಿಲ್ಲದ ಸ್ವತ್ತನ್ನು ಮಾತ್ರ ಎಂದು ಸ್ವತಃ ಹಾರ್ಡಿನ್ 1990ರ ದಶಕದಲ್ಲಿ ತಿದ್ದಿಕೊಂಡರು. ಆ ತಿದ್ದುಪಡಿಯನ್ನು ಉದ್ಧರಿಸುವವರು ಮಾತ್ರ ವಿರಳ.

ಮಲೆನಾಡಿನಲ್ಲಿಯೂ ಅಂತಹದೇ ಅಳತೆಗೋಲೊಂದು ಬರವಣಿಗೆಯಿಲ್ಲದೆ ನಡೆಯುತ್ತಿತ್ತು. ಅದು ಹುಲ್ಲಿನ ಬಣವೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರತಕ್ಕದ್ದು. ಸಣ್ಣ ಮೈಕಟ್ಟಿನ ಮಲೆನಾಡು ಗಿಡ್ಡ ಹಸು ಸುಮಾರು 100 ಕಿಲೋ ತೂಗುತ್ತದೆ ಎಂದರೆ ಅದಕ್ಕೆ ದಿನಕ್ಕೆ ಎರಡೂವರೆ ಕಿಲೋ ಒಣಹುಲ್ಲಿನಷ್ಟು ಮೇವು ಬೇಕು. ನೂರು ಹಸುಗಳಿಗೆ 250 ಕಿಲೋ. ಹೆಕ್ಟೇರಿಗೆ 2 ಟನ್ ಒಣಹುಲ್ಲು ಬಂದೀತೆಂದು ಎಣಿಸಿದರೂ ಇಡೀ ಗೋಮಾಳದಿಂದ 24 ಟನ್. ಅದರಲ್ಲಿ ಅರ್ಧವನ್ನು ಬುಡದಲ್ಲಿ ಉಳಿಸದಿದ್ದರೆ ಮರುವರ್ಷ ಹುಲ್ಲು ಚಿಗುರದು. ಉಳಿದ 12 ಟನ್ ಎಷ್ಟು ದಿನಕ್ಕೆ ಸಾಕು? 48 ದಿನಕ್ಕೆ.

ಎಂದರೆ ಗೋಮಾಳವೊಂದೇ ಯಾವ ಕಾಲದಲ್ಲಿಯೂ ಹಸುಗಳನ್ನು ಸಾಕಿದ್ದಲ್ಲ. ಕೊಯ್ಲಾದ ಗದ್ದೆಯ ಕೂಳೆ, ಬೆಟ್ಟದ ಹಸಿರು, ಮನೆಯ ಬಣವೆ ಎಲ್ಲವೂ ಸೇರಿ ಸಾಕಿದವು. ಬಣವೆ ಎಷ್ಟು ಎತ್ತರವೋ ಅಷ್ಟೇ ದನ. ಗದ್ದೆ ತೋಟವಾಗಿ ಬಣವೆ ಕರಗಿದ ಮೇಲೆ, ಬಯಲುಸೀಮೆಯ ಹುಲ್ಲು ಲಾರಿಯಲ್ಲಿ ಬರತೊಡಗಿದ ಮೇಲೆ ಆ ಅಳತೆಗೋಲು ಮುರಿಯಿತು. ಅದರ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುವ ಅಧಿಕಾರ ಊರಿಗೆ ಇರಲಿಲ್ಲ, ಏಕೆಂದರೆ ಪಹಣಿಯಲ್ಲಿ ಗೋಮಾಳ ಸರ್ಕಾರದ್ದು.

ಮಾಳ ಸೋಲುತ್ತಿರುವುದನ್ನು ದನಕಾಯುವ ಹುಡುಗನೂ ಗುರುತಿಸಬಲ್ಲ. ಮೊದಲು ಎತ್ತರದ ಕರಡ ಮರೆಯಾಗಿ ನೆಲಕ್ಕಂಟಿದ ಗಿಡ್ಡ ಹುಲ್ಲು ಉಳಿಯುತ್ತದೆ. ಬಳಿಕ ದನ ಬಾಯಿಡದ ಚಗಟೆ ಮೇಲೇಳುತ್ತದೆ. ಕಡೆಗೆ ಲಂಟಾನ ಮತ್ತು ಜನ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಯುಪಟೋರಿಯಂ. ಚಗಟೆಯ ಹಂತದಲ್ಲಿ ಒಂದೆರಡು ಮಳೆಗಾಲ ದನ ಬಿಡದೆ ಕಾದರೆ, ಮಣ್ಣು ಕೊಚ್ಚಿಹೋಗಿರದಿದ್ದರೆ, ಹುಲ್ಲು ಮರಳುವ ಸಾಧ್ಯತೆ ಇನ್ನೂ ಉಂಟು. ಲಂಟಾನ ಹಬ್ಬಿದ ಮೇಲೆ ಬೇರು ಸಹಿತ ಕೀಳದೆ ಬೇರೆ ದಾರಿಯಿಲ್ಲ.

ಈ ಸೋಲಿಗೆ ಸರ್ಕಾರ ಹಿಂದೆ ಕಂಡುಕೊಂಡ ಮದ್ದು ಯಾವುದು? 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ರೇಯಾನ್ ನಾರಿಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ವರ್ಗದ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆಯಾಯಿತು. ಕಡತದಲ್ಲಿ ಅದು ಬಂಜರು. ಹಳ್ಳಿಗರಿಗೆ ಅದೇ ಮೇವು, ಸೌದೆ, ಸೊಪ್ಪು. 1987ರ ನವೆಂಬರ್ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಳಿಗಳಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಎಂದೇ ಆ ಸತ್ಯಾಗ್ರಹ ಹೆಸರಾಯಿತು. ಶಿವರಾಮ ಕಾರಂತರೂ ಸಮಾಜ ಪರಿವರ್ತನಾ ಸಮುದಾಯವೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಸಾಮುದಾಯಿಕ ಸ್ವತ್ತಿಗೆ ಒಡೆಯರಿಲ್ಲ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆದರೆ ಕಂಪನಿಯನ್ನು ಹೊರದಬ್ಬಿದ ನಾಡಿನಲ್ಲಿಯೇ ಅದಕ್ಕಿಂತ ಮೆಲ್ಲಗೆ ನಡೆಯುವ ಕಬಳಿಕೆಯೊಂದಿದೆ. ಅದರ ವಿರುದ್ಧ ಘೋಷಣೆ ಕೇಳಿಬರುವುದಿಲ್ಲ. ಹಾರ್ಡಿನ್ನನ ಲೆಕ್ಕವನ್ನು ಹಸುವಿನ ಬದಲು ಬೇಲಿಗೆ ಅನ್ವಯಿಸಿ ನೋಡಿದರೆ ತಿಳಿಯುತ್ತದೆ. ಮೂವತ್ತು ಎಕರೆಯಲ್ಲಿ ಒಂದೆಕರೆಯನ್ನು ತೋಟದೊಳಗೆ ಸೇರಿಸಿಕೊಂಡವನಿಗೆ ಆ ಎಕರೆಯ ಅಡಿಕೆ ಪೂರ್ತಿ. ಹೋದ ಹುಲ್ಲಿನ ನಷ್ಟ ಹತ್ತು ಮನೆಗೆ ಹಂಚಿಕೆ. ಹನ್ನೊಂದನೆಯ ಹಸುವನ್ನಾದರೂ ಸಂಜೆ ಮನೆಗೆ ಅಟ್ಟಬಹುದು, ದೊಡ್ಡಿಗೆ ಕಟ್ಟಬಹುದು. ಅಡಿಕೆಮರ ದಶಕಗಳ ಕಾಲ ಅಲ್ಲೇ ನಿಲ್ಲುತ್ತದೆ, ನಡುವೆ ಅಕ್ರಮ-ಸಕ್ರಮದ ಅರ್ಜಿ ಬರುತ್ತದೆ, ಬೇಲಿ ಹಕ್ಕಾಗುತ್ತದೆ. ಪ್ರತಿ ಸಕ್ರಮವೂ ಬೇಲಿ ಹಾಕದೆ ಕುಳಿತ ನೆರೆಯವನಿಗೆ 'ನೀನು ಮೂರ್ಖ' ಎಂದು ಸರ್ಕಾರವೇ ಕಳುಹಿಸುವ ಪತ್ರ. ಹುಲ್ಲು ಕಡಿಮೆಯಾಗಿದ್ದಕ್ಕೆ ದೂರು ಮಾತ್ರ ಎರಡು ಹಸು ಕಟ್ಟಿಕೊಂಡ ಬಡವಿಯ ಮೇಲೆ!

ಭೂಮಿಯೇ ಇಲ್ಲದವನು ಅರ್ಧ ಎಕರೆ ಉತ್ತು ಹೊಟ್ಟೆ ಹೊರೆದದ್ದನ್ನೂ ಹತ್ತೆಕರೆಯವನು ಹನ್ನೊಂದನೆಯದಕ್ಕೆ ಕೈಚಾಚಿದ್ದನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಅರ್ಜಿಗಳನ್ನು ಹಿಡಿವಳಿಯ ಪ್ರಕಾರ ವಿಂಗಡಿಸದೆ ನಡೆಯುವ ಸಕ್ರಮದ ಸುಗ್ಗಿಯಲ್ಲಿ ಎರಡನೆಯವನು ಮೊದಲನೆಯವನ ಹೆಗಲ ಮೇಲೆ ಕುಳಿತೇ ದಾಟುತ್ತಾನೆ.

2011ರ ಜನವರಿ 28ರಂದು ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಒತ್ತುವರಿ ಬಹುಕಾಲದ್ದು, ಕಟ್ಟಡಕ್ಕೆ ಬಹಳ ಖರ್ಚಾಗಿದೆ, ರಾಜಕೀಯ ಸಂಪರ್ಕವಿದೆ ಎಂಬುವು ಸಮರ್ಥನೆಯಾಗಲಾರವು ಎಂದೂ, ಭೂರಹಿತರಿಗೆ ಸರ್ಕಾರಿ ಆದೇಶದಂತೆ ಕೊಟ್ಟ ಜಮೀನಿನಂತಹ ಪ್ರಕರಣಗಳಿಗೆ ವಿನಾಯಿತಿ ಇರಬಹುದೆಂದೂ ಅದರಲ್ಲಿದೆ. ಗ್ರಾಮಸಭೆಯೊಂದು ಈ ತೀರ್ಪಿನ ಪ್ರತಿಯನ್ನೂ ಊರಿನ ಜಾನುವಾರು ಲೆಕ್ಕವನ್ನೂ ಮುಂದಿಟ್ಟು, ಗೋಮಾಳದ ಸರ್ವೆ ನಂಬರು ಬರೆದು, ಗಡಿ ಅಳೆಸಿ ಕಲ್ಲು ನೆಡಿಸಬೇಕೆಂದು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರ ಬೇಲಿಗಳು ಎಲ್ಲಿವೆ ಎಂಬುದು ಅಳತೆಯ ದಿನ ಗೊತ್ತಾಗುತ್ತದೆ.